ಮೂವತ್ತು ಲಕ್ಷದ ಹಿಟಾಚಿಗೆ ಅರವತ್ತು ಲಕ್ಷದ ವಿಮೆ ಏಕೆ?

ನಾನು ಕಟ್ಟಡದ ಪಾಯ ಮತ್ತು ಬೇಸ್‌ಮೆಂಟ್ ಅಗೆಯುವ ಗುತ್ತಿಗೆದಾರ. ಸ್ವಂತಕ್ಕೆ ಒಂದು 20 ಟನ್ ಎಕ್ಸ್‌ಕವೇಟರ್, ಒಂದು ಜೆಸಿಬಿ, ಒಂದು ಹೈಡ್ರಾ ಕ್ರೇನ್, ಮೂರು ಕಾಂಕ್ರೀಟ್ ಮಿಕ್ಸರ್ ಇವೆ. ಯಾವ ಕಂಪನಿಯ ಎಕ್ಸ್‌ಕವೇಟರ್ ಆದರೂ ಸೈಟಿನಲ್ಲಿ ಅದನ್ನು ಹಿಟಾಚಿ ಅಂತಲೇ ಕರೆಯುವುದು, ಇಲ್ಲೂ ಹಾಗೇ ಬರೆಯುತ್ತೇನೆ. ಈ ಯಂತ್ರಗಳಿಗೆ ಮಾಡಿಸುವ ಸಿಪಿಎಂ, ಅಂದರೆ ಗುತ್ತಿಗೆದಾರರ ಯಂತ್ರೋಪಕರಣಗಳ ವಿಮಾ ಪಾಲಿಸಿಯ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದೆ. ಆ ತಪ್ಪು ನನ್ನ ಪರಿಚಯದ ಗುತ್ತಿಗೆದಾರರ ಪೈಕಿ ಅರ್ಧಕ್ಕಿಂತ ಹೆಚ್ಚು ಜನರ ಪಾಲಿಸಿಯಲ್ಲಿ ಈಗಲೂ ಇದೆ.

ಹಿಟಾಚಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ 30 ಲಕ್ಷಕ್ಕೆ ಕೊಂಡಿದ್ದೆ. ಪಾಲಿಸಿ ಮಾಡಿಸುವಾಗ ಏಜೆಂಟ್, "ಎಷ್ಟಕ್ಕೆ ಹಾಕಲಿ ಸರ್?" ಎಂದು ಕೇಳಿದರು. ಕೊಟ್ಟ ಬೆಲೆ 30 ಲಕ್ಷ, ಅಷ್ಟಕ್ಕೇ ಹಾಕಿ ಎಂದೆ. ಲಾರಿಗೆ, ಕಾರಿಗೆ ಹಾಗೇ ತಾನೇ ಮಾಡಿಸುವುದು ಎಂಬ ಲೆಕ್ಕ ನನ್ನದು.

ಹೊಸಕೋಟೆ ಕಡೆ ಎರಡು ಅಂತಸ್ತಿನ ಬೇಸ್‌ಮೆಂಟ್ ಕೆಲಸ. ಗುಂಡಿ ಸುಮಾರು 7 ಮೀಟರ್ ಆಳಕ್ಕೆ ಇಳಿದಿತ್ತು. ರಾತ್ರಿಯೆಲ್ಲ ಮಳೆ ಹೊಯ್ದಿತ್ತು. ಬೆಳಿಗ್ಗೆ ಅಂಚಿನಲ್ಲಿ ನಿಂತು ಮಣ್ಣು ಎತ್ತುತ್ತಿದ್ದಾಗ ಎಡಗಡೆ ಟ್ರ್ಯಾಕಿನ ಕೆಳಗಿನ ಮಣ್ಣು ಜಾರಿತು. ಹಿಟಾಚಿ ನಿಧಾನವಾಗಿ ವಾಲಿ ಗುಂಡಿಗೆ ಉರುಳಿತು. ಆಪರೇಟರ್ ಮೊದಲೇ ಹಾರಿದ್ದರಿಂದ ಜೀವ ಉಳಿಯಿತು, ಕೈ ಮುರಿಯಿತು. ಅವರ ಚಿಕಿತ್ಸೆಗೂ ಈ ಪಾಲಿಸಿಗೂ ಸಂಬಂಧವೇ ಇಲ್ಲ. ಸಿಪಿಎಂ ನೋಡಿಕೊಳ್ಳುವುದು ಯಂತ್ರವನ್ನು ಮಾತ್ರ, ಕೆಲಸಗಾರರಿಗೆ ನೌಕರರ ಪರಿಹಾರದ ಪಾಲಿಸಿ ಬೇರೆಯೇ ಇರಬೇಕು. ನನ್ನ ಹತ್ತಿರ ಅದು ಇತ್ತು.

ಮೊದಲು ಆಪರೇಟರ್‌ನನ್ನು ಆಸ್ಪತ್ರೆಗೆ ಸಾಗಿಸಿದೆವು. ಆಮೇಲೆ ಯಂತ್ರವನ್ನು ಅಲುಗಿಸದೆ ನಾಲ್ಕೂ ಕಡೆಯಿಂದ ಫೋಟೊ ತೆಗೆದೆ. ಜಾರಿದ ಅಂಚು, ಟ್ರ್ಯಾಕಿನ ಗುರುತು, ಸೀರಿಯಲ್ ನಂಬರಿನ ಪ್ಲೇಟು, ಗಂಟೆಯ ಮೀಟರು ಎಲ್ಲ ಬರುವ ಹಾಗೆ. ಅದೇ ದಿನ ವಿಮಾ ಕಚೇರಿಗೆ ಮೇಲ್ ಕಳಿಸಿದೆ. ಪಾಲಿಸಿಯಲ್ಲಿ 14 ದಿನದ ಗಡುವು ಬರೆದಿರುತ್ತದೆ, ಆದರೆ ಅಷ್ಟು ದಿನ ಕಾಯುವುದು ತಪ್ಪು. ಗುಂಡಿಯ ಅಂಚು ಹೇಗೆ ಕುಸಿಯಿತು ಎಂಬುದಕ್ಕೆ ಇರುವ ಸಾಕ್ಷಿ ಮುಂದಿನ ಮಳೆಗೆ ತೊಳೆದುಹೋಗುತ್ತದೆ. ಹಾನಿ ಅಳೆಯಲು ವಿಮಾ ಕಂಪನಿ ಕಳಿಸಿದ ಸರ್ವೇಯರ್ ಬಂದು ನೋಡಿದ ಮೇಲೆಯೇ ದೊಡ್ಡ ಕ್ರೇನ್ ತರಿಸಿ ಮೇಲೆತ್ತಿಸಿದೆ. ಬಿಚ್ಚಿದ ಹಳೆಯ ಭಾಗಗಳನ್ನು ಒಂದನ್ನೂ ಗುಜರಿಗೆ ಕೊಡದೆ ಶೆಡ್ಡಿನಲ್ಲಿ ಇಟ್ಟೆ, ಅವನ್ನೂ ಅವರು ಎಣಿಸಿದರು.

ಅಪಘಾತ ಪಾಲಿಸಿಯೊಳಗೇ ಬರುತ್ತದೆ ಎಂಬುದರಲ್ಲಿ ತಕರಾರು ಬರಲಿಲ್ಲ. ಹೊರಗಿನ ಕಾರಣದಿಂದ ಹಠಾತ್ತನೆ ಆದ ಹಾನಿ ಅದು. ತಕರಾರು ಬಂದದ್ದು ಲೆಕ್ಕದಲ್ಲಿ.

ಕ್ಯಾಬಿನ್, ಬೂಮ್, ಎರಡು ಸಿಲಿಂಡರ್, ಟ್ರ್ಯಾಕ್ ಫ್ರೇಮ್ ಎಲ್ಲ ಸೇರಿ ರಿಪೇರಿ ಬಿಲ್ಲು 9,00,000 ರೂಪಾಯಿ. ಅದರಲ್ಲಿ ರಬ್ಬರ್ ಹೋಸು, ಬಕೆಟ್ಟಿನ ಹಲ್ಲು, ಬ್ಯಾಟರಿಯ 60,000 ಕಳೆದರು. ಸವೆದು ಬದಲಿಸುತ್ತಲೇ ಇರಬೇಕಾದ ಭಾಗಗಳಿಗೆ ಪಾಲಿಸಿ ಕೊಡುವುದಿಲ್ಲ, ಅದು ಸರಿಯೇ. ಹಳೆಯ ಕಬ್ಬಿಣಕ್ಕೆ 40,000 ಕಳೆದರು. ಉಳಿದದ್ದು 8,00,000. ಅಷ್ಟಾದರೂ ಬರುತ್ತದೆ ಎಂದುಕೊಂಡು ಕೂತಿದ್ದೆ.

ಸರ್ವೇಯರ್ ಇನ್ನೊಂದು ಕಾಗದ ಮುಂದಿಟ್ಟರು. ಅದೇ ಸಾಮರ್ಥ್ಯದ ಹೊಸ ಹಿಟಾಚಿಗೆ ಡೀಲರ್ ಕೊಟ್ಟ ಕೊಟೇಶನ್, 60 ಲಕ್ಷ. "ಸರ್, ಈ ಪಾಲಿಸಿಯಲ್ಲಿ ವಿಮಾ ಮೊತ್ತ ಅಂದರೆ ನೀವು ಕೊಂಡ ಬೆಲೆ ಅಲ್ಲ. ಇವತ್ತು ಅಂಥದ್ದೇ ಹೊಸ ಯಂತ್ರ ತಂದು ಸೈಟಿಗೆ ನಿಲ್ಲಿಸಲು ಆಗುವ ಖರ್ಚು. ನೀವು ಅರ್ಧಕ್ಕೆ ವಿಮೆ ಮಾಡಿಸಿದ್ದೀರಿ, ಉಳಿದರ್ಧದ ಹೊಣೆ ನಿಮ್ಮದೇ ಆಗುತ್ತದೆ" ಎಂದರು. ಹಾಗಾಗಿ 8 ಲಕ್ಷ 4 ಲಕ್ಷವಾಯಿತು. ಪ್ರತಿ ಕ್ಲೇಮಿಗೆ ನಾವೇ ಹೊರಬೇಕಾದ 50,000 ಕಳೆದು ಕೈಗೆ ಬಂದದ್ದು 3,50,000. ಗುಂಡಿಯಿಂದ ಎತ್ತಿಸಿದ ಕ್ರೇನಿನ ಬಾಡಿಗೆಯೂ ಸಿಗಲಿಲ್ಲ. ಅದಕ್ಕೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕಿತ್ತು, ನಾನು ಸೇರಿಸಿರಲಿಲ್ಲ. 60 ಲಕ್ಷಕ್ಕೆ ಮಾಡಿಸಿದ್ದರೆ ಇದೇ ಬಿಲ್ಲಿಗೆ 7,50,000 ಬರುತ್ತಿತ್ತು.

ಇದನ್ನು ಹೇಳಿದಾಗಲೆಲ್ಲ ಒಂದು ಪ್ರಶ್ನೆ ಬರುತ್ತದೆ. ಯಂತ್ರ ಪೂರ್ತಿ ಹೋದರೆ ಹೇಗೂ ಸವಕಳಿ ಕಳೆದು ಹಳೆಯ ಯಂತ್ರದ ಬೆಲೆಯನ್ನೇ ಕೊಡುತ್ತಾರೆ, ಮತ್ತೆ 60 ಲಕ್ಷಕ್ಕೆ ಪ್ರೀಮಿಯಂ ಕಟ್ಟುವುದು ದಂಡವಲ್ಲವೇ? ಪೂರ್ತಿ ನಷ್ಟದಲ್ಲಿ ಹಾಗಾಗುವುದು ನಿಜ. ರಿಪೇರಿ ಖರ್ಚು ಹಳೆಯ ಯಂತ್ರದ ಬೆಲೆಯನ್ನು ಮುಟ್ಟಿದರೂ ಪೂರ್ತಿ ನಷ್ಟ ಎಂದೇ ಎಣಿಸುತ್ತಾರೆ. ಆದರೆ ನಮ್ಮ ಕೆಲಸದಲ್ಲಿ ಯಂತ್ರ ಪೂರ್ತಿ ಹೋಗುವುದು ಅಪರೂಪ, ಬೂಮ್ ಬಾಗುವುದು, ಕ್ಯಾಬಿನ್ ಜಜ್ಜುವುದೇ ಹೆಚ್ಚು. ಅಂಥ ರಿಪೇರಿಯಲ್ಲಿ ಹೊಸ ಭಾಗಕ್ಕೆ ಹೊಸ ಬೆಲೆಯೇ ಸಿಗುತ್ತದೆ, ಸವಕಳಿ ಕಳೆಯುವುದಿಲ್ಲ. ಹಳೆಯ ಯಂತ್ರಕ್ಕೂ ಹೊಸ ಬೂಮೇ ಹಾಕಬೇಕಲ್ಲ, ಅದಕ್ಕೇ ಪ್ರೀಮಿಯಂ ಲೆಕ್ಕವೂ ಹೊಸ ಬೆಲೆಯ ಮೇಲೆ. ಇದನ್ನು ನನಗೆ ಮೊದಲೇ ಯಾರಾದರೂ ಬಿಡಿಸಿ ಹೇಳಬೇಕಿತ್ತು.

ಮುಂದಿನ ನವೀಕರಣಕ್ಕೆ ನಾನೇ ಕೂತು ಪಟ್ಟಿ ಮಾಡಿದೆ. ಪ್ರತಿ ಯಂತ್ರಕ್ಕೂ ಒಂದು ಸಾಲು: ಮಾದರಿ, ತಯಾರಾದ ವರ್ಷ, ಸೀರಿಯಲ್ ನಂಬರು, ಎಂಜಿನ್ ನಂಬರು, ಇವತ್ತಿನ ಹೊಸ ಬೆಲೆ. ಬೆಲೆಗೆ ಡೀಲರ್ ಕಡೆಯಿಂದ ಕೊಟೇಶನ್ ತರಿಸಿ ಜೊತೆಗಿಟ್ಟೆ, ಸಾಗಣೆ ಖರ್ಚನ್ನೂ ಸೇರಿಸಿದೆ. ಹಿಟಾಚಿಯ ಪ್ರೀಮಿಯಂ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಆದರೂ ಕಟ್ಟಿದೆ.

ಆ ಪಟ್ಟಿ ಮಾಡುವಾಗಲೇ ಹೈಡ್ರಾದ ವಿಷಯ ಕಣ್ಣಿಗೆ ಬಿತ್ತು. ಅದಕ್ಕೆ ಆರ್‌ಟಿಓ ನಂಬರ್ ಇದೆ, ಮೋಟಾರು ವಿಮೆಯೂ ಇತ್ತು, ಹಾಗಾಗಿ ಸಿಪಿಎಂಗೆ ಸೇರಿಸಿರಲಿಲ್ಲ. ಮೋಟಾರು ಪಾಲಿಸಿಯ ಹಿಂಬದಿಯಲ್ಲಿ ಐಎಂಟಿ 47 ಎಂಬ ಷರತ್ತು ಇತ್ತು. ಭಾರ ಎತ್ತುವ ಕೆಲಸ ಮಾಡುತ್ತಿರುವಾಗ ಕ್ರೇನ್ ಮಗುಚಿದರೆ ಕ್ರೇನಿಗಾದ ಹಾನಿಯನ್ನು ಕೊಡುವುದಿಲ್ಲ ಎಂದು ಅದರ ಅರ್ಥ. ಹೈಡ್ರಾ ಮಗುಚುವುದೇ ಭಾರ ಎತ್ತುವಾಗ! ಹೆಚ್ಚುವರಿ ಪ್ರೀಮಿಯಂ ಕಟ್ಟಿ ಆ ಷರತ್ತನ್ನು ತೆಗೆಸಬಹುದು, ನಾನು ಹಾಗೇ ತೆಗೆಸಿದೆ. ನಿಮ್ಮ ಕ್ರೇನಿನ ಪಾಲಿಸಿಯಲ್ಲಿ 47 ಎಂಬ ಅಂಕಿ ಇದೆಯೇ ಎಂದು ಇವತ್ತೇ ನೋಡಿ.

ಮಿಕ್ಸರ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೇರ್‌ಬಾಕ್ಸ್ ಒಡೆದರೆ, ಆಯಿಲ್ ಇಲ್ಲದೆ ಎಂಜಿನ್ ಹಿಡಿದುಕೊಂಡರೆ ಸಿಪಿಎಂನಲ್ಲಿ ಏನೂ ಬರುವುದಿಲ್ಲ, ಅದು ಒಳಗಿನ ಕೆಡುಕು. ಆದರೆ ಅಂಥ ಕೆಡುಕಿನಿಂದಲೇ ಅಪಘಾತವಾದರೆ, ಉದಾಹರಣೆಗೆ ಹಾಪರ್ ಎತ್ತುವ ಭಾಗ ಕೈಕೊಟ್ಟು ಮಿಕ್ಸರ್ ಉರುಳಿದರೆ, ಕೆಟ್ಟ ಭಾಗವನ್ನು ಬಿಟ್ಟು ಬಿದ್ದದ್ದರಿಂದ ಆದ ಹಾನಿ ಸಿಗುತ್ತದೆ. ಕ್ಲೇಮಿನ ಅರ್ಜಿಯಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿ ಬರೆಯಬೇಕು. "ಮಿಕ್ಸರ್ ಕೆಟ್ಟು ಹಾನಿಯಾಯಿತು" ಎಂದು ಒಂದೇ ಸಾಲು ಗೀಚಿದರೆ ಎಲ್ಲವನ್ನೂ ಕೆಡುಕಿನ ಲೆಕ್ಕಕ್ಕೆ ತಳ್ಳುತ್ತಾರೆ.

ಇನ್ನೊಂದು ಬದಲಾವಣೆ ಮಾಡಿದೆ. ಮೊದಲಿನ ಪಾಲಿಸಿಯಲ್ಲಿ ಒಂದೇ ಸೈಟಿನ ವಿಳಾಸವಿತ್ತು. ಈಗ ಹಲವು ಸೈಟುಗಳಿಗೆ ಅನ್ವಯವಾಗುವಂತೆ ಬರೆಸಿದ್ದೇನೆ, ಆದರೂ ಯಂತ್ರ ಜಾಗ ಬದಲಿಸುವ ಮೊದಲು ಮೇಲ್ ಹಾಕುತ್ತೇನೆ. ಲೋಬೆಡ್ ಟ್ರೇಲರ್ ಮೇಲೆ ರಸ್ತೆಯಲ್ಲಿ ಹೋಗುವಷ್ಟು ಹೊತ್ತು ಸಿಪಿಎಂ ಅನ್ವಯಿಸುವುದಿಲ್ಲ. ಆ ಒಂದು ಪ್ರಯಾಣಕ್ಕೆ ಸಾಗಣೆ ವಿಮೆ ಬೇರೆ ಮಾಡಿಸಬೇಕು. ಹೋದ ವಾರ ಹಿಟಾಚಿಯನ್ನು ತುಮಕೂರಿಗೆ ಕಳಿಸುವಾಗ ಸಾಗಣೆ ವಿಮೆಯ ಕಾಗದ ಕೈಗೆ ಬರುವವರೆಗೆ ಟ್ರೇಲರನ್ನು ಎರಡು ಗಂಟೆ ನಿಲ್ಲಿಸಿಕೊಂಡೆ.