ಹೆಸರು ಹೇಳದೆ ಕೆಲಸ ತೋರಿಸುವುದು ಹೇಗೆ?

ಕಾರ್ಖಾನೆಗಳ ಕರೆಂಟ್ ಬಿಲ್ ತಗ್ಗಿಸಲು ಸಲಹೆ ಕೊಡುವುದು ನನ್ನ ಕೆಲಸ. ಕಲಬುರಗಿಯಲ್ಲಿ ಶುರು ಮಾಡಿದಾಗ ನನ್ನ ಪರಿಚಯದ ಪುಟದಲ್ಲಿ ಯಾವ ಕ್ಲೈಂಟ್ ಹೆಸರನ್ನೂ ಬರೆದಿರಲಿಲ್ಲ. ಆದರೂ ಒಬ್ಬರು ಫೋನ್ ಮಾಡಿದರು. "ಸರ್, ನೀವು ನಮ್ ಹೆಸರು ಬರ್ದಿಲ್ಲ ಖರೆ, ಆದ್ರ ಓದಿದವ್ರಿಗೆಲ್ಲ ಗೊತ್ತಾಗ್ಯಾದ." ಅವರ ಮಾತು ಸರಿಯಿತ್ತು. ಊರು, ಉದ್ಯಮ, ವರ್ಷ ಮೂರನ್ನೂ ಬರೆದುಬಿಟ್ಟಿದ್ದೆ.

ಮೊದಲು ಒಪ್ಪಂದ ತೆಗೆದು ಓದಿ. ಕೆಲವು ಒಪ್ಪಂದಗಳಲ್ಲಿ ಅಂಕಿಅಂಶ ಮಾತ್ರ ಗುಟ್ಟು. ಇನ್ನು ಕೆಲವದರಲ್ಲಿ ನೀವು ಅವರಿಗೆ ಕೆಲಸ ಮಾಡಿದ್ದೇ ಗುಟ್ಟು. ಎರಡನೆಯದಾದರೆ ಬರವಣಿಗೆಯಲ್ಲಿ ಒಪ್ಪಿಗೆ ಸಿಗುವ ತನಕ ಆ ಕೆಲಸವನ್ನು ಬಿಡಿಯಾಗಿ ಬರೆಯಬೇಡಿ.

ಆಮೇಲೆ ಎಣಿಸಿ. ನೀವು ಬರೆದ ಸಾಲು ಎಷ್ಟು ಸಂಸ್ಥೆಗಳಿಗೆ ಹೊಂದುತ್ತದೆ? ಕಲಬುರಗಿಯ ದಾಲ್ ಮಿಲ್ ಅಂದರೆ ಯಾರೂ ಊಹಿಸಲಾರರು, ಅಷ್ಟು ಮಿಲ್‌ಗಳಿವೆ. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆ ಅಂದರೆ ಬೆರಳೆಣಿಕೆಯಷ್ಟೇ. ಅದಕ್ಕೊಂದು ವರ್ಷ ಸೇರಿಸಿದರೆ ಒಂದೇ ಉಳಿಯಬಹುದು. ಹತ್ತಕ್ಕಿಂತ ಕಡಿಮೆ ಸಂಸ್ಥೆಗಳು ಹೊಂದಿದರೆ ನಾನು ಆ ಸಾಲನ್ನು ತಿದ್ದುತ್ತೇನೆ.

ತಿದ್ದುವುದು ಹೀಗೆ. ಈ ಸಾಲನ್ನು ಉದಾಹರಣೆಗೆಂದೇ ಕಟ್ಟಿದ್ದೇನೆ: "2022ರಲ್ಲಿ ಸೇಡಂನ ಸಿಮೆಂಟ್ ಕಾರ್ಖಾನೆಯ ತಿಂಗಳ ಬಿಲ್ಲನ್ನು 2.37 ಕೋಟಿಯಿಂದ 2.16 ಕೋಟಿಗೆ ಇಳಿಸಿದೆ." ಊರಿನ ಬದಲು ಕಲ್ಯಾಣ ಕರ್ನಾಟಕ ಎನ್ನಿ. ಸಿಮೆಂಟ್ ಬದಲು ದಿನದ 24 ಗಂಟೆಯೂ ನಡೆಯುವ ಕಾರ್ಖಾನೆ ಎನ್ನಿ. ವರ್ಷ ಬಿಡಿ. ಮೊತ್ತಕ್ಕೆ ಒಂದು ಅಂದಾಜು ಮಿತಿ ಕೊಡಿ. ಉಳಿದ ಜಾಗದಲ್ಲಿ ನಿಮ್ಮ ಕೈಕೆಲಸ ತುಂಬಿ:

"ಕಲ್ಯಾಣ ಕರ್ನಾಟಕದಲ್ಲಿ, ತಿಂಗಳಿಗೆ 1ರಿಂದ 5 ಕೋಟಿ ರೂಪಾಯಿ ಬಿಲ್ ಬರುವ, 24 ಗಂಟೆಯೂ ನಡೆಯುವ ಕಾರ್ಖಾನೆ. ಮೋಟರ್‌ಗಳ ಲೋಡ್ ಅಳೆದು, ಕೆಪಾಸಿಟರ್ ಬ್ಯಾಂಕ್ ಸರಿಪಡಿಸಿ, ಬಿಲ್ ಸುಮಾರು 9% ಇಳಿಸಿದ್ದೇನೆ."

ಹೊಸ ಕ್ಲೈಂಟ್‌ಗೆ ಬೇಕಾದದ್ದು ಇಲ್ಲಿ ಜಾಸ್ತಿಯೇ ಇದೆ ಅಲ್ವಾ? ಆದರೆ ಸುಮ್ನೆ ಮುಚ್ಚಿಡಲು ಅಂತ ಸಿಮೆಂಟನ್ನು ಸಕ್ಕರೆ ಮಾಡಬೇಡಿ. ವಿವರ ಅಗಲಿಸಬಹುದು, ಸುಳ್ಳು ಬರೆಯಬಾರದು.

ಕೊನೆಗೆ ಅದೇ ಉದ್ಯಮದಲ್ಲಿರುವ ಗೆಳೆಯರೊಬ್ಬರಿಗೆ ಓದಲು ಕೊಟ್ಟು, "ಇದು ಯಾರು?" ಅಂತ ಕೇಳಿ. ಹೊರಗಿನವರಿಗೆ ತಿಳಿಯದ್ದು ಇವರಿಗೆ ತಿಳಿಯುತ್ತದೆ. ತಟ್ಟನೆ ಹೆಸರು ಹೇಳಿದರೆ ಇನ್ನೊಂದು ವಿವರ ತೆಗೆಯಿರಿ. ಫೋಟೊಗಳನ್ನೂ ತೋರಿಸಿ. ನನ್ನ ಒಂದು ಫೋಟೊದಲ್ಲಿ ಪ್ಯಾನೆಲ್ ಬೋರ್ಡಿನ ಹಿಂದೆ ಕಾರ್ಮಿಕರೊಬ್ಬರ ಹೆಲ್ಮೆಟ್ ಮೇಲೆ ಕಂಪನಿ ಗುರುತು ಕಾಣುತ್ತಿತ್ತು.

ಮೀಟಿಂಗ್‌ನಲ್ಲಿ "ಯಾರಿಗೆ ಮಾಡಿದ್ದೀರಿ?" ಅಂತ ಕೇಳಿದರೆ, "ಅವರನ್ನು ಕೇಳಿ ತಿಳಿಸುತ್ತೇನೆ" ಎನ್ನುತ್ತೇನೆ. ಹಳೆಯ ಕ್ಲೈಂಟ್ ಒಪ್ಪಿದರೆ ಮಾತ್ರ ಇಬ್ಬರನ್ನೂ ಫೋನಿನಲ್ಲಿ ಮಾತಾಡಿಸುತ್ತೇನೆ.