ಅಪ್ಪ ಅಮ್ಮನ ವೀಸಾ ಸ್ಟಿಕ್ಕರ್ ಓದುವುದು ಹೇಗೆ: ಜರ್ಮನಿಗೆ ಹೊಸದಾಗಿ ಬಂದವರಿಗೆ

ಇಲ್ಲಿಗೆ ಬಂದ ಮೊದಲ ವರ್ಷ ಮನೆ, ಶಾಲೆ, ಬ್ಯಾಂಕು ಅಂತ ಓಡಾಟ. ಎರಡನೇ ವರ್ಷ ಅಪ್ಪ ಅಮ್ಮನನ್ನು ಕರೆಸುವ ಆಸೆ. ನಮ್ಮ ಸಂಘದಲ್ಲಿ ಜಾಸ್ತಿ ಜನ ಎಡವಿದ್ದು ಅಲ್ಲೇ, ಅದರಲ್ಲಿ ನಾನೂ ಒಬ್ಬ. ವೀಸಾ ಸಿಗಲಿಲ್ಲ ಅಂತಲ್ಲ. ಸಿಕ್ಕಿದ ವೀಸಾವನ್ನು ಸರಿಯಾಗಿ ಓದಲಿಲ್ಲ, ಅಷ್ಟೇ.

ಪಾಸ್‌ಪೋರ್ಟ್ ಕೈಗೆ ಬಂದ ದಿನ ಊರಲ್ಲಿ ಏನಾಗುತ್ತದೆ ಅಂತ ನಿಮಗೂ ಗೊತ್ತು. ದೇವರ ಮುಂದೆ ಇಟ್ಟು, ಕುಂಕುಮ ಹಚ್ಚಿ, ಫೋಟೋ ತೆಗೆದು ಮನೆ ಗ್ರೂಪಿಗೆ ಹಾಕುತ್ತಾರೆ. (ಕುಂಕುಮ ಕವರಿಗೆ ಹಚ್ಚಿ, ಸ್ಟಿಕ್ಕರಿಗೆ ಬೇಡ.) ಆ ಫೋಟೋ ದೊಡ್ಡದು ಮಾಡಿ ನೋಡಿ. ಮೊದಲು ಹೆಸರು, ಪಾಸ್‌ಪೋರ್ಟ್ ನಂಬರ್. ತಪ್ಪಿದ್ದರೆ ವಿಮಾನ ಹತ್ತುವ ಮೊದಲೇ, ಅದೇ ದಿನ ಹೇಳಿ ಸರಿ ಮಾಡಿಸಬೇಕು. ಆಮೇಲೆ ಈ ಜಾಗಗಳು:

- ‘ಗ್ಯುಲ್ಟಿಗ್ ಫ್ಯುರ್’: ಯಾವ ದೇಶಗಳಿಗೆ. ‘ಶೆಂಗೆನರ್ ಸ್ಟಾಟೆನ್’ ಅಂತಿದ್ದರೆ ಶೆಂಗೆನ್ ದೇಶಗಳಿಗೆಲ್ಲ.
- ‘ಫೋಮ್’ ಮತ್ತು ‘ಬಿಸ್’: ಯಾವ ದಿನದಿಂದ, ಯಾವ ದಿನದವರೆಗೆ. ನಮ್ಮ ಹಾಗೇ ದಿನ, ತಿಂಗಳು, ವರ್ಷ.
- ‘ಆರ್ಟ್’: ವೀಸಾದ ಬಗೆ. ಭೇಟಿಗೆ ಬರುವವರಿಗೆ ಸಿ, ನೆಲೆಸಲು ಬರುವವರಿಗೆ ಡಿ.
- ‘ಐನ್‌ರೈಸೆನ್’: ಎಷ್ಟು ಸಲ ಒಳಗೆ ಬರಬಹುದು. 01, 02 ಅಥವಾ ‘ಮಲ್ಟ್’.
- ‘ಡಾವರ್’: ಎಷ್ಟು ದಿನ ಇರಬಹುದು.

ಎಡವುವುದು ‘ಬಿಸ್’ ಮತ್ತು ‘ಡಾವರ್’ ನಡುವೆ. ನನ್ನದೇ ಕಥೆ ಹೇಳುತ್ತೇನೆ. ಅಪ್ಪ ಅಮ್ಮನ ವೀಸಾದಲ್ಲಿ ಮೇ 10ರಿಂದ ಜುಲೈ 23ರವರೆಗೆ ಅಂತಿತ್ತು. ಒಂದೇ ಪ್ರವೇಶ. ‘ಡಾವರ್’ ಎದುರು 60. ನಾನು ನೋಡಿದ್ದು ಜುಲೈ 23 ಮಾತ್ರ. ಮೇ 12ಕ್ಕೆ ಬರುವುದು, ಜುಲೈ 20ಕ್ಕೆ ಹೋಗುವುದು ಅಂತ ಟಿಕೆಟ್ ಹಾಕಿ, ಮೂರು ದಿನ ಕೈಯಲ್ಲಿಟ್ಟುಕೊಂಡೆ ಅಂತ ಬೀಗಿದೆ ಬೇರೆ! ಅವರು ಬಂದಾದ ಮೇಲೆ ಊಟಕ್ಕೆ ಬಂದ ಸಂಘದ ಹಿರಿಯರೊಬ್ಬರು ಸುಮ್ನೆ ಪಾಸ್‌ಪೋರ್ಟ್ ತಿರುವಿ ನೋಡಿ, "ಅರವತ್ತು ದಿನ ಯಾವತ್ತಿಗೆ ಮುಗಿಯುತ್ತಪ್ಪಾ?" ಅಂದರು. ಕ್ಯಾಲೆಂಡರ್ ಹಿಡಿದು ಎಣಿಸಿದೆವು. ಮೇ 12ರಿಂದ 31ರವರೆಗೆ 20 ದಿನ, ಜೂನ್ ಸೇರಿದರೆ 50, ಅಲ್ಲಿಗೆ ಜುಲೈ 10ಕ್ಕೆ 60. ಜುಲೈ 20ರವರೆಗೆ ಇದ್ದಿದ್ದರೆ ಹತ್ತು ದಿನ ಕಾನೂನು ಮೀರಿದ ಹಾಗೆ. ಟಿಕೆಟ್ ಬದಲಿಸಲು ದುಡ್ಡು ಹೋಯಿತು. ಅಮ್ಮನಿಗೆ ಮೊಮ್ಮಗಳ ಹುಟ್ಟುಹಬ್ಬವೂ ತಪ್ಪಿತು, ಅದನ್ನು ಇನ್ನೂ ಹೇಳಿ ತೋರಿಸುತ್ತಾಳೆ.

ಹಾಗಾದರೆ ಜುಲೈ 23 ಯಾಕೆ ಬರೆದಿದ್ದರು? ಒಂದೇ ಪ್ರವೇಶದ ವೀಸಾದಲ್ಲಿ ಇರುವ ದಿನಗಳ ಜೊತೆಗೆ ಸಾಮಾನ್ಯವಾಗಿ 15 ದಿನ ಸೇರಿಸಿ ಕಿಟಕಿ ತೆರೆದಿಡುತ್ತಾರೆ. ಮೇ 10ರಿಂದ ಎಣಿಸಿದರೆ ಜುಲೈ 23ಕ್ಕೆ ಸರಿಯಾಗಿ 75 ದಿನ. ವಿಮಾನ ತಪ್ಪಿತು, ಮೈಗೆ ಹುಷಾರಿಲ್ಲ ಅಂತ ಬರುವುದು ನಾಲ್ಕು ದಿನ ತಡವಾದರೆ ಇರಲಿ ಅಂತ ಅದು, ಜಾಸ್ತಿ ದಿನ ಇರಲಿಕ್ಕಲ್ಲ. ಇದೇ ವೀಸಾದಲ್ಲಿ ಅವರು ಮೇ 30ಕ್ಕೆ ಬಂದಿದ್ದರೆ ಜುಲೈ 23ಕ್ಕೆ 55 ದಿನವಷ್ಟೇ ಆಗುತ್ತಿತ್ತು. ಉಳಿದ 5 ದಿನ ಹೋದ ಹಾಗೇ, ಯಾಕೆಂದರೆ ‘ಬಿಸ್’ ದಾಟುವಂತಿಲ್ಲ. ದಿನ ಮುಗಿಯುವುದೋ ತಾರೀಕು ಮುಗಿಯುವುದೋ, ಯಾವುದು ಮೊದಲು ಬರುತ್ತದೋ ಅದೇ ಕೊನೆ.

ಎಣಿಸುವಾಗ ಬಂದ ದಿನವೂ ಒಂದು ದಿನ, ಹೋಗುವ ದಿನವೂ ಒಂದು ದಿನ. ಬೆಂಗಳೂರು ಬಿಟ್ಟ ತಾರೀಕಲ್ಲ, ಇಲ್ಲಿ ಇಮಿಗ್ರೇಷನ್ ದಾಟಿದ ತಾರೀಕು. ಪ್ಯಾರಿಸ್ ಮೇಲೆ ಬಂದರೆ ಪ್ಯಾರಿಸ್‌ನಲ್ಲೇ ಒಳಗೆ ಬಂದ ಲೆಕ್ಕ, ದುಬೈ ಮೇಲೆ ಬಂದರೆ ಫ್ರಾಂಕ್‌ಫರ್ಟಿನಲ್ಲಿ. ಮೊದಲು ಪಾಸ್‌ಪೋರ್ಟಿನ ಮುದ್ರೆ ನೋಡಿ ಎಣಿಸುತ್ತಿದ್ದೆವು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಕಂಪ್ಯೂಟರಿನಲ್ಲೇ ದಾಖಲಿಸುವ ಹೊಸ ವ್ಯವಸ್ಥೆ ಬಂತು. ಒಂದು ದಿನ ಜಾಸ್ತಿಯಾದರೂ ಅದಕ್ಕೆ ಗೊತ್ತಾಗುತ್ತದೆ. ಬೋರ್ಡಿಂಗ್ ಪಾಸ್ ಎಸೆಯಬೇಡಿ.

ಇನ್ನು ಪ್ರವೇಶ. 01 ಅಂತಿದ್ದರೆ ಸ್ವಿಟ್ಜರ್ಲೆಂಡಿಗೆ ಹೋಗಿ ಬರಬಹುದಾ ಅಂತ ಪ್ರತಿ ಬೇಸಿಗೆಯಲ್ಲೂ ಕೇಳುತ್ತಾರೆ. ಧಾರಾಳವಾಗಿ. ಅದು ಶೆಂಗೆನ್ ಒಳಗೇ ಇದೆ, ನೀವು ಹೊರಗೆ ಹೋದ ಹಾಗೇ ಆಗುವುದಿಲ್ಲ. ಆದರೆ ಲಂಡನ್ನಿನಲ್ಲಿರುವ ತಂಗಿಯ ಮನೆಗೆ ಹೋದರೆ ಹೊರಗೆ ಹೋದ ಹಾಗೆ. ಅಲ್ಲಿಗೆ ಬೇರೆ ವೀಸಾ ಬೇಕು ಅನ್ನುವುದು ಎಲ್ಲರಿಗೂ ನೆನಪಿರುತ್ತದೆ, ವಾಪಸ್ ಬರಲು ಇಲ್ಲಿನ ಇನ್ನೊಂದು ಪ್ರವೇಶ ಬೇಕು ಅನ್ನುವುದು ಮರೆತುಹೋಗುತ್ತದೆ. 60 ದಿನದಲ್ಲಿ 40 ಉಳಿದಿದ್ದರೂ ಪ್ರಯೋಜನವಿಲ್ಲ, ಪ್ರವೇಶ ಮುಗಿದಿದೆ. ಅಂಥ ಯೋಚನೆ ಇದ್ದರೆ ಅರ್ಜಿ ಹಾಕುವಾಗಲೇ ಹೆಚ್ಚು ಪ್ರವೇಶ ಕೇಳಬೇಕು.

‘ಮಲ್ಟ್’ ಸಿಕ್ಕವರು ನಿಶ್ಚಿಂತೆಯಿಂದ ಮಲಗಬೇಡಿ. ಎರಡು ವರ್ಷದ, ಐದು ವರ್ಷದ ವೀಸಾ ಅಂದರೆ ಎರಡು ವರ್ಷ ಇರಬಹುದು ಅಂತಲ್ಲ, ಅಮೆರಿಕದಲ್ಲಿರುವ ಭಾವ ಏನೇ ಹೇಳಲಿ. ಯಾವ ದಿನ ನೋಡಿದರೂ, ಆ ದಿನವನ್ನೂ ಸೇರಿಸಿ ಹಿಂದಿನ 180 ದಿನಗಳಲ್ಲಿ ಇಲ್ಲಿ ಇದ್ದ ದಿನ 90 ದಾಟಬಾರದು. ಜನವರಿಗೆ, ಜುಲೈಗೆ ಲೆಕ್ಕ ಹೊಸದಾಗುವುದಿಲ್ಲ. ನಿಮ್ಮ ಅತ್ತೆ ಮಾರ್ಚ್ 1ಕ್ಕೆ ಬಂದು ಮೇ 29ಕ್ಕೆ ಹೋದರು ಅನ್ನಿ. ಅಲ್ಲಿಗೆ 90 ಮುಗಿಯಿತು. ಮತ್ತೆ ಬರಬಹುದಾದ್ದು ಆಗಸ್ಟ್ 28ಕ್ಕೆ. ಅವತ್ತಿನಿಂದ ಹಿಂದಕ್ಕೆ 180 ದಿನ ಎಣಿಸಿದರೆ ಮಾರ್ಚ್ 2ಕ್ಕೆ ನಿಲ್ಲುತ್ತದೆ, ಮಾರ್ಚ್ 1 ಲೆಕ್ಕದಿಂದ ಬಿದ್ದುಹೋಗಿರುತ್ತದೆ. ಮುಂದೆ ದಿನಕ್ಕೊಂದು ಹಳೆಯ ದಿನ ಬಿದ್ದುಹೋಗುತ್ತದೆ. ತಲೆ ತಿರುಗಿದರೆ ಯುರೋಪಿಯನ್ ಕಮಿಷನ್ನಿನ ಜಾಲತಾಣದಲ್ಲಿ ಇದಕ್ಕೇ ಒಂದು ಕ್ಯಾಲ್ಕುಲೇಟರ್ ಇದೆ.

"ಬಂದ ಮೇಲೆ ಇಲ್ಲೇ ಮುಂದುವರಿಸಿದರಾಯಿತು" ಅನ್ನುವ ಮಾತು ಸಂಘದ ಪ್ರತಿ ಹಬ್ಬದ ಊಟದಲ್ಲೂ ಕಿವಿಗೆ ಬೀಳುತ್ತದೆ. ಆಸ್ಪತ್ರೆಗೆ ಸೇರಿದ್ದಾರೆ, ಪ್ರಯಾಣ ಸಾಧ್ಯವೇ ಇಲ್ಲ ಅನ್ನುವಂಥ ಗಟ್ಟಿ ಕಾರಣವಿದ್ದರೆ, ಅವಧಿ ಮುಗಿಯುವ ಮೊದಲೇ ಇಲ್ಲಿನ ವಿದೇಶಿಯರ ಕಚೇರಿಗೆ ಹೋಗಿ ಕೇಳಬಹುದು. ಮೊಮ್ಮಗುವಿನ ನಾಮಕರಣ ಅವರಿಗೆ ಕಾರಣವಲ್ಲ. ಮೀರಿ ಉಳಿದರೆ ಮುಂದಿನ ವೀಸಾಕ್ಕೇ ಕಲ್ಲು ಬೀಳಬಹುದು.

ನಿಮ್ಮದೇ ಡಿ ವೀಸಾ ಬಗ್ಗೆ ಚುಟುಕಾಗಿ:

- ‘ಬಿಸ್’ ತಾರೀಕಿನ ಮೊದಲೇ ವಾಸದ ಪರವಾನಗಿಗೆ ಅರ್ಜಿ ಹಾಕಿ. ಅಪಾಯಿಂಟ್‌ಮೆಂಟ್ ಸಿಗುವುದು ತಡ, ಮನೆ ನೋಂದಣಿ ಆದ ತಕ್ಷಣ ಕೇಳಿ.
- ‘ಆನ್‌ಮೆರ್ಕುಂಗೆನ್’ ಅಂದರೆ ಷರಾ. ಅಲ್ಲಿ ‘ಎರ್‌ವೆರ್ಬ್ಸ್‌ಟೇಟಿಶ್‌ಕೈಟ್ ಎರ್‌ಲಾಬ್ಟ್’ ಅಂತಿದ್ದರೆ ಕೆಲಸ ಮಾಡಬಹುದು. ಹೆಂಡತಿಯ ವೀಸಾದಲ್ಲೂ ಇದನ್ನು ಓದಿ.
- ಬೇರೆ ಶೆಂಗೆನ್ ದೇಶಗಳಿಗೆ ಸುತ್ತಾಡಲು ಡಿ ವೀಸಾ ಸಾಕು, ಅಲ್ಲಿ ಅದೇ 180ಕ್ಕೆ 90.
- ವೀಸಾ ಇನ್ನೂ ನಡೆಯುತ್ತಿರುವಾಗ ಪಾಸ್‌ಪೋರ್ಟ್ ಹೊಸದಾದರೆ ಹಳೆಯದನ್ನೂ ಜೊತೆಗೆ ಒಯ್ಯಿರಿ, ಸ್ಟಿಕ್ಕರ್ ಇರುವುದು ಅದರಲ್ಲೇ ಅಲ್ವಾ.