ಸ್ಟೂಲ್ ಸ್ಲೈಡ್‌ನಲ್ಲಿ ಜಿಯಾರ್ಡಿಯಾನೋ, ಅಮೀಬಾನೋ?

ಮಂಡ್ಯದ ಒಂದು ಸಣ್ಣ ಲ್ಯಾಬ್‌ನಲ್ಲಿ ನಾನು ಟೆಕ್ನಿಷಿಯನ್. ಸ್ಟೂಲ್ ಡಬ್ಬಿ ಕೈಗೆ ಬಂದ ತಕ್ಷಣ ನಾನು ಕೇಳುವುದು, "ಎಷ್ಟು ಗಂಟೆಗೆ ಹೋಗಿದ್ದು?" ನೀರಾಗಿ ಹೋಗಿದ್ದರೆ ಅರ್ಧ ಗಂಟೆಯೊಳಗೆ ನೋಡಬೇಕು. ಅದರಲ್ಲಿ ಜಿಯಾರ್ಡಿಯಾ, ಅಮೀಬಾದಂಥ ಕರುಳಿನ ಪರೋಪಜೀವಿಗಳ ಓಡಾಡುವ ರೂಪ, ಅಂದರೆ ಟ್ರೋಫೋಜೋಯಿಟ್, ಸಿಗಬಹುದು. ತಡವಾದರೆ ಅದು ಸತ್ತು ಹಾಳಾಗಿರುತ್ತದೆ. ಅವುಗಳ ಇನ್ನೊಂದು ರೂಪ, ಅಲುಗದ ಸಿಸ್ಟ್‌ಗೆ ಗಟ್ಟಿ ಗೋಡೆ ಇದೆ, ಅಷ್ಟು ಬೇಗ ಕೆಡುವುದಿಲ್ಲ.

ಮದ್ದೂರು ಕಡೆಯ ಒಬ್ಬ ಹುಡುಗನಿಗೆ ಆಗಾಗ ಭೇದಿ, ಹೊಟ್ಟೆ ಉಬ್ಬರ. ಮಲ ಜಿಡ್ಡುಜಿಡ್ಡು, ವಿಪರೀತ ವಾಸನೆ, ರಕ್ತ ಇಲ್ಲ. ಬೇರೆ ಕಡೆಯ ರಿಪೋರ್ಟ್‌ನಲ್ಲಿ ಅಮೀಬಾ ಸಿಸ್ಟ್ ಎಂದಿತ್ತು.

ಒಂದೇ ಸ್ಲೈಡ್‌ನ ಎಡಕ್ಕೆ ಸಲೈನ್, ಬಲಕ್ಕೆ ಅಯೋಡಿನ್ ಹನಿ ಹಾಕಿದೆ. ಎರಡರಲ್ಲೂ ಕಡ್ಡಿ ತುದಿಯಷ್ಟು ಮಲ ಕಲಸಿ ಕವರ್ ಸ್ಲಿಪ್ ಮುಚ್ಚಿದೆ. ಸ್ಲೈಡ್ ಕೆಳಗಿಟ್ಟ ಪೇಪರ್‌ನ ಅಕ್ಷರ ಓದುವಂತಿರಬೇಕು, ಅದಕ್ಕಿಂತ ದಪ್ಪ ಬೇಡ. ಮೊದಲು 10x, ಅನುಮಾನ ಬಂದಲ್ಲಿ 40x. ಸಲೈನ್ ಕಡೆ ಬೆಳಕು ತಗ್ಗಿಸದಿದ್ದರೆ ಏನೂ ಕಾಣುವುದಿಲ್ಲ.

ಸಲೈನ್‌ನಲ್ಲಿ ಯಾವುದೂ ಅಲುಗಲಿಲ್ಲ. ಅಯೋಡಿನ್‌ನಲ್ಲಿ ಹಳದಿ ಬಣ್ಣ ಹಿಡಿದ ಸಿಸ್ಟ್‌ಗಳಿದ್ದವು. ಎಲ್ಲವೂ ಮೊಟ್ಟೆಯಾಕಾರ, ಉದ್ದ ಸುಮಾರು 12 ಮೈಕ್ರಾನ್. ಒಳಗಿನ ವಸ್ತು ಗೋಡೆ ಬಿಟ್ಟು ಕುಗ್ಗಿತ್ತು, ನ್ಯೂಕ್ಲಿಯಸ್‌ಗಳು ಒಂದು ತುದಿಗೆ ಸೇರಿದ್ದವು, ನಡುವೆ ಉದ್ದಕ್ಕೆ ಗೆರೆ. ಇದು ಜಿಯಾರ್ಡಿಯಾ. ರೋಗ ತರುವ ಅಮೀಬಾ, ಅಂದರೆ ಎಂಟಮೀಬಾ ಹಿಸ್ಟೋಲಿಟಿಕಾದ ಸಿಸ್ಟ್ ದುಂಡಗೆ, ಸಾಮಾನ್ಯವಾಗಿ 12ರಿಂದ 15 ಮೈಕ್ರಾನ್. ನ್ಯೂಕ್ಲಿಯಸ್ ನಾಲ್ಕು ದಾಟುವುದಿಲ್ಲ, ಪ್ರತಿಯೊಂದರ ನಡುಮಧ್ಯೆ ಒಂದು ಚುಕ್ಕೆ. ಐದಾರು ಎಣಿಸಲು ಸಿಕ್ಕರೆ ಅದು ಎಂಟಮೀಬಾ ಕೋಲೈ, ರೋಗ ತರುವುದಲ್ಲ. ಫೋಕಸ್ ಮೇಲೆ ಕೆಳಗೆ ಆಡಿಸುತ್ತಾ ಎಣಿಸಬೇಕು. ಸುಮ್ನೆ ಒಂದೇ ಫೋಕಸ್‌ನಲ್ಲಿ ನೋಡಿದರೆ ಅರ್ಧ ತಪ್ಪಿಹೋಗುತ್ತವೆ.

ಮತ್ತೆ ಭೇದಿಯಾದಾಗ ಲ್ಯಾಬ್‌ಗೇ ಬಂದು ಸ್ಯಾಂಪಲ್ ಕೊಡಿ ಎಂದು ಅವರಮ್ಮನಿಗೆ ಹೇಳಿದ್ದೆ. ಆ ಬಿಸಿ ಸ್ಯಾಂಪಲ್‌ನ ಸಲೈನ್ ಸ್ಲೈಡ್‌ನಲ್ಲಿ ಟ್ರೋಫೋಜೋಯಿಟ್‌ಗಳೇ ಸಿಕ್ಕವು. ಮರದಿಂದ ಉದುರುವ ಎಲೆಯಂತೆ ಹೊರಳುತ್ತಾ ಹೋಗುತ್ತವೆ. ಅಯೋಡಿನ್ ತಾಗಿದರೆ ಸಾಯುತ್ತವೆ, ಆದ್ದರಿಂದ ಆ ಚಲನೆ ಸಲೈನ್‌ನಲ್ಲಿ ಮಾತ್ರ ಕಾಣುತ್ತದೆ. ಅಮೀಬಾದ್ದು ಬೇರೆ ನಡೆ: ಪಾರದರ್ಶಕ ಬೆರಳಿನಂಥದ್ದನ್ನು ಮುಂದಕ್ಕೆ ಚಾಚಿ, ಒಂದೇ ದಿಕ್ಕಿಗೆ ಹರಿಯುತ್ತದೆ.

ಅಮೀಬಾ ವಿಷಯದಲ್ಲಿ ನಾನು ಜಾಸ್ತಿ ಹುಷಾರು. ರಕ್ತಭೇದಿಯಲ್ಲಿ ಬರುವ ಮ್ಯಾಕ್ರೋಫೇಜ್ ಎಂಬ ನಮ್ಮ ದೇಹದ್ದೇ ಕಣ ಕೂಡ ಕೆಂಪು ರಕ್ತಕಣ ನುಂಗಿರಬಹುದು, ಆದರೆ ಹಾಗೆ ಗುರಿಯಿಟ್ಟು ಹರಿಯುವುದಿಲ್ಲ. ಟ್ರೋಫೋಜೋಯಿಟ್ ಒಳಗೆ ಕೆಂಪು ಕಣ ಕಂಡರೆ ಮಾತ್ರ ಹಿಸ್ಟೋಲಿಟಿಕಾ ಎಂದು ಬರೆಯುತ್ತೇನೆ. ಬರೀ ಸಿಸ್ಟ್ ಇದ್ದರೆ 'ಹಿಸ್ಟೋಲಿಟಿಕಾ/ಡಿಸ್ಪಾರ್' ಅಂತ. ತೊಂದರೆ ಕೊಡದ ಡಿಸ್ಪಾರ್ ಎಂಬ ಅಮೀಬಾದ ಸಿಸ್ಟ್ ನೋಡಲು ಅದೇ ಥರ, ಮೈಕ್ರೋಸ್ಕೋಪ್‌ಗೆ ಬೇರ್ಪಡಿಸಲು ಆಗದು.

ಜಿಯಾರ್ಡಿಯಾ ದಿನವೂ ಮಲದಲ್ಲಿ ಬರುವುದಿಲ್ಲ. ಒಂದು ಸ್ಲೈಡ್‌ನಲ್ಲಿ ಸಿಗದಿದ್ದರೆ, ದಿನ ಬಿಟ್ಟು ದಿನ ಮೂರು ಸ್ಯಾಂಪಲ್ ತರಿಸಿ ನೋಡುತ್ತೇನೆ.